ಜೆರಾಕ್ಸ್ ಮಿಷನ್ ವಾಪಸ್ ಕೊಡಬೇಕು: 30 ದಿನದ ನೋಟಿಸ್ ಎಂದಿನಿಂದ ಎಂದಿನವರೆಗೆ?

ಪ್ರಶ್ನೆ: ಹಾಸನದಲ್ಲಿ ಕಾಲೇಜಿನ ಹತ್ತಿರ ನನ್ನದೊಂದು ಸ್ಟೇಷನರಿ, ಜೆರಾಕ್ಸ್ ಅಂಗಡಿ. 2024ರ ಜುಲೈ 1ರಿಂದ ಬೆಂಗಳೂರಿನ ಏಜೆನ್ಸಿಯೊಂದರಿಂದ ಮಿಷನ್ ಬಾಡಿಗೆಗೆ ತಗೊಂಡಿದ್ದೇನೆ. ತಿಂಗಳಿಗೆ 4,500 ರೂಪಾಯಿ ಮತ್ತು ಜಿಎಸ್‌ಟಿ. ಟೋನರ್, ಸರ್ವಿಸ್ ಅವರದೇ, 6,000 ಕಾಪಿ ದಾಟಿದರೆ ಬೇರೆ ಲೆಕ್ಕ. ಡೆಪಾಸಿಟ್ 20,000. ಸಹಿ ಮಾಡಿದ ಮೂರು ಖಾಲಿ ಚೆಕ್ಕೂ ಅವರ ಹತ್ತಿರ ಇವೆ. ಮಿಷನ್ ಕೆಟ್ಟರೆ ಇಂಜಿನಿಯರ್ ಬರುವುದಕ್ಕೆ ವಾರ. ಬೇಡವೆಂದು ಆಗಸ್ಟ್ 28ಕ್ಕೆ ಫೋನಿನಲ್ಲಿ ಹೇಳಿದೆ. ಈಗ ಅವರು ‘ಕರಾರು ಜುಲೈಯಲ್ಲೇ ರಿನ್ಯೂ ಆಗಿದೆ, ಮುಂದಿನ ಜೂನ್‌ವರೆಗೆ ಹತ್ತು ತಿಂಗಳ ಬಾಡಿಗೆ ಕಟ್ಟಿ, ಇಲ್ಲದಿದ್ದರೆ ಚೆಕ್ ಹಾಕುತ್ತೇವೆ’ ಎನ್ನುತ್ತಿದ್ದಾರೆ. ಪಕ್ಕದ ಅಂಗಡಿಯವರು 15 ದಿನದ ನೋಟಿಸ್ ಸಾಕು ಅಂತಾರೆ. ಇನ್ನೊಬ್ಬರು ವಕೀಲರೇ ನೋಟಿಸ್ ಕಳಿಸಬೇಕು ಅಂತಾರೆ. ನಾನೇ ಪತ್ರ ಬರೆಯಬಹುದೇ? ಅಗ್ರಿಮೆಂಟಿನ ನಕಲು ಜೊತೆಗಿಟ್ಟಿದ್ದೇನೆ.
— ಓದುಗರು, ಹಾಸನ (ಪತ್ರ ತಲುಪಿದ್ದು 2025ರ ಸೆಪ್ಟೆಂಬರ್ 16)

ಉತ್ತರ: ಪತ್ರ ನೀವೇ ಬರೆಯಬಹುದು, ವಕೀಲರು ಬೇಕಿಲ್ಲ. ಹತ್ತು ತಿಂಗಳ ಬಾಡಿಗೆಯನ್ನೂ ಕೊಡಬೇಕಾಗಿಲ್ಲ. ಆದರೆ ಸೆಪ್ಟೆಂಬರಿನ ಬಾಡಿಗೆ ಕೊಡಲೇಬೇಕು, ಅಕ್ಟೋಬರಿನದೂ ಬಹುಪಾಲು ಕೊಡಬೇಕಾಗುತ್ತದೆ. ಫೋನಿನಲ್ಲಿ ಹೇಳಿದ್ದು ನೋಟಿಸ್ ಆಗಲಿಲ್ಲ ಎನ್ನುವುದೇ ಇದಕ್ಕೆ ಕಾರಣ. ನಿಮ್ಮ ಅಗ್ರಿಮೆಂಟಿನ 9ನೇ ಷರತ್ತು ‘30 ದಿನ ಮುಂಚಿತವಾಗಿ ಲಿಖಿತ ನೋಟಿಸ್’ ಎನ್ನುತ್ತದೆ. ಬರವಣಿಗೆಯಲ್ಲಿ ಕೊಡುತ್ತೇವೆಂದು ಒಪ್ಪಿಕೊಂಡ ಮೇಲೆ ಬಾಯಿಮಾತಿಗೆ ಆ ಬೆಲೆ ಇಲ್ಲ.

ಮೊದಲು ಆ 15 ದಿನದ ಮಾತು. ಅದು ಸುಳ್ಳಲ್ಲ, ಬೇರೆ ಕಡೆ ಅನ್ವಯಿಸುವ ಮಾತು. ತಿಂಗಳ ಲೆಕ್ಕದ ಮಳಿಗೆ ಬಾಡಿಗೆಗೆ ಕರಾರಿನಲ್ಲಿ ಬೇರೇನೂ ಹೇಳಿಲ್ಲದಿದ್ದರೆ 15 ದಿನದ ನೋಟಿಸ್ ಸಾಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಹೇಳುತ್ತದೆ. ಅದು ಕಟ್ಟಡ, ಜಮೀನಿನಂಥ ಸ್ಥಿರಾಸ್ತಿಗೆ. ನಿಮ್ಮ ಪಕ್ಕದ ಅಂಗಡಿಯವರು ಮಳಿಗೆ ಬಿಡುವಾಗ ಕಲಿತದ್ದನ್ನು ಮಿಷನ್ನಿಗೆ ಹೇಳಿದ್ದಾರೆ. ಮಿಷನ್ನಿನ ಬಾಡಿಗೆ, ಸರ್ವಿಸ್ ಕರಾರುಗಳಿಗೆ ಇಷ್ಟೇ ದಿನವೆಂದು ಕಾನೂನಿನಲ್ಲಿ ಎಲ್ಲೂ ನಿಗದಿಯಾಗಿಲ್ಲ. ಕಾಗದದಲ್ಲಿ ಏನಿದೆಯೋ ಅದೇ. ಕಾಗದದಲ್ಲಿ ಏನೂ ಇಲ್ಲದಿದ್ದರೆ ‘ನ್ಯಾಯಯುತವಾದಷ್ಟು ಸಮಯ’ ಎಂದು ಕೋರ್ಟು ನೋಡುತ್ತದೆ. ತಿಂಗಳ ಬಿಲ್ಲಿನ ವ್ಯವಹಾರದಲ್ಲಿ ಅದನ್ನು ಒಂದು ತಿಂಗಳೆಂದು ಇಟ್ಟುಕೊಳ್ಳುವುದು ಕ್ಷೇಮ.

ಇನ್ನು ಅವರ ರಿನ್ಯೂವಲ್ ವಾದ. 3ನೇ ಷರತ್ತಿನ ಪ್ರಕಾರ ವರ್ಷ ಮುಗಿಯುವ ಮೊದಲು ಯಾರೂ ಬೇಡವೆನ್ನದಿದ್ದರೆ ಕರಾರು ಇನ್ನೊಂದು ವರ್ಷ ಮುಂದುವರಿಯುತ್ತದೆ. ನೀವು ಜೂನ್‌ನಲ್ಲಿ ಏನೂ ಬರೆಯಲಿಲ್ಲ, ಹಾಗಾಗಿ ಅದು ರಿನ್ಯೂ ಆಗಿದೆ. ಅವರ ಮಾತು ಅಲ್ಲಿಯವರೆಗೆ ಸರಿ. ತಪ್ಪುವುದು ಅದರ ಮುಂದೆ. ರಿನ್ಯೂ ಆದ ಕರಾರಿನೊಳಗೆ 9ನೇ ಷರತ್ತೂ ಇದ್ದೇ ಇದೆ: ‘ಯಾವುದೇ ಪಕ್ಷ ಯಾವಾಗ ಬೇಕಾದರೂ 30 ದಿನದ ನೋಟಿಸ್ ಕೊಟ್ಟು ಕೊನೆಗೊಳಿಸಬಹುದು, ಆದರೆ ಕರಾರು ಆರಂಭವಾದ ಮೊದಲ 12 ತಿಂಗಳಲ್ಲಿ ಅಲ್ಲ.’ ಲಾಕ್-ಇನ್ ಇರುವುದು ‘ಕರಾರು ಆರಂಭವಾದ’ ಮೊದಲ 12 ತಿಂಗಳಿಗೆ. ಅದು 2025ರ ಜೂನ್ 30ಕ್ಕೆ ಮುಗಿಯಿತು. ‘ಪ್ರತಿ ರಿನ್ಯೂವಲ್ ನಂತರವೂ 12 ತಿಂಗಳು’ ಎಂದು ಅವರು ಬರೆದುಕೊಂಡಿಲ್ಲ. ಅಚ್ಚು ಹಾಕಿಸಿದ ಕರಾರಿನಲ್ಲಿ ಒಂದು ಮಾತು ಎರಡು ಅರ್ಥ ಕೊಟ್ಟರೆ, ಬರೆಸಿದವನಿಗೆ ವಿರುದ್ಧವಾದ ಅರ್ಥವನ್ನೇ ಹಿಡಿಯುವುದು ಕೋರ್ಟುಗಳ ಹಳೆಯ ಪದ್ಧತಿ. ನಿಮ್ಮ ಕರಾರಿನಲ್ಲಿ ಅಷ್ಟು ಗೊಂದಲವೂ ಇಲ್ಲ.

ಒಂದು ವೇಳೆ ಲಾಕ್-ಇನ್ ಇನ್ನೂ ಇದ್ದಿದ್ದರೂ ಹತ್ತು ತಿಂಗಳದ್ದನ್ನು, ಎಂದರೆ ಜಿಎಸ್‌ಟಿ ಸೇರಿ 53,100 ರೂಪಾಯಿಯನ್ನು, ಸುಮ್ಮನೆ ಕೂತಲ್ಲೇ ವಸೂಲು ಮಾಡಲು ಆಗುವುದಿಲ್ಲ. ಕರಾರು ಮುರಿದಾಗ ಕೊಡಬೇಕಾದ್ದು ಯುಕ್ತ ಪರಿಹಾರ, ಕಾಗದದಲ್ಲಿ ಬರೆದ ಮೊತ್ತ ಅದಕ್ಕೆ ಮೇಲಿನ ಮಿತಿ ಮಾತ್ರ ಎನ್ನುತ್ತದೆ 1872ರ ಕರಾರು ಕಾಯ್ದೆಯ 74ನೇ ಕಲಂ. ನಿಮ್ಮಿಂದ ಒಯ್ದ ಮಿಷನ್ನನ್ನು ಅವರು ಮರುವಾರ ಇನ್ನೊಂದು ಅಂಗಡಿಗೆ ಬಾಡಿಗೆಗೆ ಹಾಕಿದರೆ ಹತ್ತು ತಿಂಗಳ ನಷ್ಟ ಎಲ್ಲಿಂದ ಬಂತು?

ಈಗ ದಿನಗಳ ಲೆಕ್ಕ. ಜಗಳ ಹುಟ್ಟುವುದು ಬಹುತೇಕ ಇಲ್ಲೇ, ಅದಕ್ಕೆ ನಿಧಾನವಾಗಿ ನೋಡೋಣ. ಪತ್ರದ ಮೇಲೆ ಬರೆದ ತಾರೀಖಿನಿಂದ 30 ದಿನ ಎಣಿಸುವವರೇ ಹೆಚ್ಚು. ನೋಟಿಸ್ ಎಂದರೆ ಎದುರಿನವರಿಗೆ ತಿಳಿಸುವುದು. ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ ಅದು ಅವರ ಕೈಸೇರಿದ ದಿನದಿಂದ ಎಣಿಸಿ, ಸೇರಿದ ಆ ದಿನವನ್ನು ಬಿಟ್ಟು. ನೀವು ಸೆಪ್ಟೆಂಬರ್ 18, ಗುರುವಾರ ಸ್ಪೀಡ್ ಪೋಸ್ಟ್ ಮಾಡಿದಿರಿ, ಬೆಂಗಳೂರಿಗೆ 20ರಂದು ತಲುಪಿತು ಎಂದುಕೊಳ್ಳಿ. ಮೊದಲ ದಿನ ಸೆಪ್ಟೆಂಬರ್ 21. ತಿಂಗಳ ಕೊನೆಗೆ ಹತ್ತು ದಿನ ಆಯಿತು, ಉಳಿದ ಇಪ್ಪತ್ತು ಅಕ್ಟೋಬರಿನವು. ನೋಟಿಸ್ ಅವಧಿ ಮುಗಿಯುವುದು ಅಕ್ಟೋಬರ್ 20ರ ರಾತ್ರಿಗೆ.

ಹಾಗಿದ್ದರೆ ಪತ್ರದಲ್ಲಿ ಅಕ್ಟೋಬರ್ 20 ಎಂದೇ ಬರೆಯಬಹುದಲ್ಲ? ಬರೆಯಬಹುದು. ಆದರೆ ಪತ್ರ 20ರ ಬದಲು 23ಕ್ಕೆ ತಲುಪಿದರೆ ‘ನೋಟಿಸ್ ಮೂರು ದಿನ ಕಡಿಮೆ, ಆದ್ದರಿಂದ ಊರ್ಜಿತವಲ್ಲ’ ಎನ್ನಲು ಅವರಿಗೊಂದು ಎಳೆ ಸಿಕ್ಕಿತು. ಬಿಲ್ಲು 1ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನದು. ನಡುವೆ ಕತ್ತರಿಸಿದರೆ 6,000 ಉಚಿತ ಕಾಪಿಯನ್ನೂ 31ರಲ್ಲಿ 20 ಭಾಗ ಮಾಡಿ 3,871 ಎಂದು ಲೆಕ್ಕ ಹಾಕಬೇಕು, ಅದಕ್ಕೆ ಅವರು ಒಪ್ಪಬೇಕು. ಅದೂ ಅಲ್ಲದೆ ಅಕ್ಟೋಬರ್ 20 ನರಕ ಚತುರ್ದಶಿ. ದೀಪಾವಳಿಯ ದಿನ ಮಿಷನ್ ಇಳಿಸಿಕೊಳ್ಳಲು ಬೆಂಗಳೂರಿನಿಂದ ಗಾಡಿ ಬರುತ್ತದೆಯೇ?

ನಾನಾದರೆ ಅಕ್ಟೋಬರ್ 31 ಎಂದು ಬರೆಯುತ್ತೇನೆ. ಹೆಚ್ಚುವರಿ 11 ದಿನಕ್ಕೆ ಬಾಡಿಗೆ 1,597 ರೂಪಾಯಿ, 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ ಸುಮಾರು 1,884. ಈ ಹಣ ಕೊಟ್ಟು ನೀವು ಕೊಳ್ಳುವುದು ಅಂಚೆ ತಡವಾದರೆ ಹನ್ನೊಂದು ದಿನದ ಜಾಗ, ತುಂಡಾಗದ ಬಿಲ್ಲು, ವಾದಕ್ಕೆ ಎಡೆಯಿಲ್ಲದ ಲೆಕ್ಕ. ಆ ಹನ್ನೊಂದು ದಿನ ಮಿಷನ್ನೂ ನಿಮ್ಮ ಹತ್ತಿರವೇ ದುಡಿಯುತ್ತಿರುತ್ತದೆ. ಕೈ ಬಿಗಿಯಿದ್ದು 1,884 ಉಳಿಸಲೇಬೇಕೆಂದರೆ ‘ಈ ನೋಟಿಸ್ ತಮಗೆ ತಲುಪಿದ 30ನೇ ದಿನದ ಕೊನೆಗೆ’ ಎಂದು ತಾರೀಖಿಲ್ಲದೆ ಬರೆಯಿರಿ. ಕಾನೂನಿನಲ್ಲಿ ಅದು ಗಟ್ಟಿ, ಆದರೆ ಯಾವ ದಿನ ತಲುಪಿತು ಎಂಬ ಚರ್ಚೆ ನಿಮ್ಮ ತಲೆಗೆ. ಬರೆಯಬಾರದ ಮಾತು ‘ಮುಂದಿನ ತಿಂಗಳಿನಿಂದ’. ನನ್ನ ಕಕ್ಷಿದಾರರೊಬ್ಬರು ಬೇಕರಿಯ ಫ್ರೀಜರ್ ಸರ್ವಿಸ್ ಬೇಡವೆಂದು ತಿಂಗಳ 30ನೇ ತಾರೀಖು ‘ಮುಂದಿನ ತಿಂಗಳಿನಿಂದ ನಿಲ್ಲಿಸುತ್ತಿದ್ದೇವೆ’ ಎಂದು ಬರೆದರು. ಪತ್ರ ತಲುಪಿದ್ದು 2ಕ್ಕೆ. ಎದುರಿನವರು ಮುಂದಿನ ತಿಂಗಳನ್ನು ತಾವು ಓದಿದ ದಿನದಿಂದ ಎಣಿಸಿದರು. ಒಂದು ತಿಂಗಳ ಬಿಲ್ಲಿಗಾಗಿ ಆರು ತಿಂಗಳು ಪತ್ರ ವ್ಯವಹಾರ ನಡೆಯಿತು.

ಪತ್ರ ಚಿಕ್ಕದಿರಲಿ. ಅಂಗಡಿಯ ಲೆಟರ್‌ಹೆಡ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಬರೆದು ಸೀಲು ಹಾಕಿ. ಕನ್ನಡದಲ್ಲಿ ಬರೆಯಬಹುದು. ನೋಟಿಸ್ ಇಂಥದ್ದೇ ಭಾಷೆಯಲ್ಲಿರಬೇಕೆಂದು ನಿಮ್ಮ ಕರಾರಿನಲ್ಲಿಲ್ಲ. ಮಾದರಿ ಹೀಗಿದೆ:

> ದಿನಾಂಕ: 18-09-2025, ಹಾಸನ
>
> ಇವರಿಗೆ: (ಕರಾರಿನ 14ನೇ ಷರತ್ತಿನಲ್ಲಿರುವ ಹೆಸರು, ಬೆಂಗಳೂರು ಕಚೇರಿಯ ಪೂರ್ಣ ವಿಳಾಸ)
>
> ವಿಷಯ: 01-07-2024ರ ಮಿಷನ್ ಬಾಡಿಗೆ ಮತ್ತು ಸರ್ವಿಸ್ ಕರಾರು (ಸಂಖ್ಯೆ ____), ಮಿಷನ್ ಸೀರಿಯಲ್ ನಂಬರ್ ____: 9ನೇ ಷರತ್ತಿನಂತೆ ಕೊನೆಗೊಳಿಸುವ ನೋಟಿಸ್
>
> ಮಾನ್ಯರೇ,
>
> ಮೇಲಿನ ಕರಾರನ್ನು ಅದರ 9ನೇ ಷರತ್ತಿನಂತೆ ಈ ಪತ್ರದ ಮೂಲಕ ಕೊನೆಗೊಳಿಸುತ್ತಿದ್ದೇನೆ. 30 ದಿನಕ್ಕೆ ಕಡಿಮೆಯಿಲ್ಲದ ನೋಟಿಸ್ ಅವಧಿ ಸೇರಿ, ಕರಾರಿನ ಕೊನೆಯ ದಿನ 31-10-2025. ಯಾವುದೇ ಕಾರಣದಿಂದ ಈ ಪತ್ರ ತಮಗೆ 01-10-2025ರ ನಂತರ ತಲುಪಿದರೆ, ತಲುಪಿದ 30ನೇ ದಿನವೇ ಕೊನೆಯ ದಿನ.
>
> ಆ ದಿನದವರೆಗಿನ ಬಾಡಿಗೆ ಮತ್ತು ಹೆಚ್ಚುವರಿ ಕಾಪಿಗಳ ಹಣವನ್ನು ಬಿಲ್ಲಿನಂತೆ ಪಾವತಿಸುತ್ತೇನೆ. ಅದರ ನಂತರದ ಅವಧಿಗೆ ಬಿಲ್ ಮಾಡಬಾರದು.
>
> 31-10-2025, ಶುಕ್ರವಾರ ಬೆಳಿಗ್ಗೆ 11ಕ್ಕೆ ಅಂಗಡಿಗೆ ಪ್ರತಿನಿಧಿಯನ್ನು ಕಳಿಸಿ, ಮೀಟರ್ ಓದಿ, ಮಿಷನ್ ಒಯ್ದು ರಸೀದಿ ಕೊಡಬೇಕು. 11ನೇ ಷರತ್ತಿನಂತೆ ಡೆಪಾಸಿಟ್ 20,000 ರೂಪಾಯಿಯನ್ನು 15 ದಿನದೊಳಗೆ ನನ್ನ ಖಾತೆಗೆ ಜಮಾ ಮಾಡಿ, ನಂ. ____, ____, ____ರ ಮೂರು ಚೆಕ್‌ಗಳನ್ನು ಹಿಂದಿರುಗಿಸಬೇಕು.
>
> ಇತಿ,
> (ಕರಾರಿಗೆ ಸಹಿ ಮಾಡಿದವರ ಸಹಿ, ಹೆಸರು, ಅಂಗಡಿಯ ಸೀಲು)

ಇದರಲ್ಲಿ ಇಂಜಿನಿಯರ್ ವಾರಗಟ್ಟಲೆ ಬರಲಿಲ್ಲ ಎಂಬ ಮಾತೇ ಇಲ್ಲ ಎಂದು ನಿಮಗೆ ಅನಿಸಬಹುದು. ಬೇಕೆಂದೇ ಬಿಟ್ಟಿದ್ದೇನೆ. ಸಿಟ್ಟಿನಿಂದ ಬರೆದ ಎರಡು ಪುಟದ ನೋಟಿಸ್‌ಗಳು ನನ್ನ ಮೇಜಿಗೆ ವಾರಕ್ಕೊಂದಾದರೂ ಬರುತ್ತವೆ. 9ನೇ ಷರತ್ತು ಕಾರಣ ಕೇಳುವುದಿಲ್ಲ, 30 ದಿನ ಮಾತ್ರ ಕೇಳುತ್ತದೆ. ನೀವು ಕಾರಣ ಕೊಟ್ಟರೆ ‘ಹಾಗಾದರೆ ಇದು 10ನೇ ಷರತ್ತಿನ ದೂರು, ಸರಿಪಡಿಸಲು ನಮಗೆ ಕಾಲಾವಕಾಶ ಕೊಡಬೇಕಿತ್ತು’ ಎಂದು ಅವರು ಬೇರೆ ದಾರಿಗೆ ಎಳೆಯುತ್ತಾರೆ. ಆಮೇಲೆ ಇಂಜಿನಿಯರ್ ಯಾವ ದಿನ ಬಂದ, ಬರಲಿಲ್ಲ ಎನ್ನುವುದನ್ನೆಲ್ಲ ನೀವು ಸಾಬೀತು ಮಾಡುತ್ತಾ ಕೂರಬೇಕು. ಮಿಷನ್ ನಿಂತ ದಿನಗಳ ಬಾಡಿಗೆ ಕಡಿತ ಕೇಳುವುದಾದರೆ ಕೇಳಿ, ಆದರೆ ಅದು ಬೇರೆ ಪತ್ರ. ಕಂಪ್ಲೇಂಟ್ ನಂಬರ್, ವಾಟ್ಸ್ಆ್ಯಪ್ ಮೆಸೇಜುಗಳನ್ನು ಅದಕ್ಕೆ ಇಟ್ಟುಕೊಳ್ಳಿ.

ಸಹಿ ಯಾರದು ಎಂಬುದನ್ನೂ ನೋಡಿ. ಎಷ್ಟೋ ಅಂಗಡಿಗಳು ತಂದೆಯ ಅಥವಾ ಹೆಂಡತಿಯ ಹೆಸರಿನಲ್ಲಿರುತ್ತವೆ, ಗಲ್ಲಾದಲ್ಲಿ ಕೂರುವವರು ಬೇರೆ. ಕರಾರು ಯಾರ ಹೆಸರಿನಲ್ಲಿದೆಯೋ ಅವರೇ ನೋಟಿಸ್‌ಗೆ ಸಹಿ ಹಾಕಬೇಕು.

ಕಳಿಸುವ ವಿಳಾಸ 14ನೇ ಷರತ್ತಿನಲ್ಲಿರುವ ಬೆಂಗಳೂರು ಕಚೇರಿಯದು. ಟೋನರ್ ತಂದುಕೊಡುವ ಹಾಸನದ ಹುಡುಗನ ಕೈಗೆ ಕೊಟ್ಟರೆ ಆಗುವುದಿಲ್ಲ. ಷರತ್ತಿನಲ್ಲಿ ‘ರಿಜಿಸ್ಟರ್ಡ್ ಪೋಸ್ಟ್’ ಎಂದಿದೆ, ನೀವು ಅಂಚೆ ಕಚೇರಿಗೆ ಹೋಗಿ ಅದನ್ನೇ ಕೇಳಿದರೆ ಸಿಗುವುದಿಲ್ಲ. 2025ರಲ್ಲಿ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡಿದೆ. ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ಪುರಾವೆಯೂ ಬೇಕೆಂದು ಕೌಂಟರಿನಲ್ಲೇ ಹೇಳಿ. ರಸೀದಿಯ ಶಾಯಿ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಅವತ್ತೇ ಒಂದು ಜೆರಾಕ್ಸ್ ತೆಗೆದಿಡಿ (ನಿಮಗೆ ಇದನ್ನು ಹೇಳಬೇಕೇ!). ಟ್ರ್ಯಾಕಿಂಗ್ ಪುಟದಲ್ಲಿ ‘ತಲುಪಿದೆ’ ಎಂದು ಬಂದ ದಿನವೇ ಪ್ರಿಂಟ್ ತೆಗೆದುಕೊಳ್ಳಿ. ಅವರು ಬೇಕೆಂದೇ ತೆಗೆದುಕೊಳ್ಳದೆ ‘ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಲಕೋಟೆ ವಾಪಸ್ ಬಂದರೆ ಒಡೆಯಬೇಡಿ, ಹಾಗೇ ಇಡಿ. ವಿಳಾಸ ಸರಿಯಿದ್ದು ನಿರಾಕರಿಸಿದ ಪತ್ರವನ್ನು ತಲುಪಿದಂತೆಯೇ ಕೋರ್ಟುಗಳು ಸಾಮಾನ್ಯವಾಗಿ ಭಾವಿಸುತ್ತವೆ. ಅದೇ ಪತ್ರದ ಸ್ಕ್ಯಾನ್ ಪ್ರತಿಯನ್ನು ಬಿಲ್ಲು ಬರುವ ಇಮೇಲ್ ವಿಳಾಸಕ್ಕೂ ಕಳಿಸಿ. ಅದು ಅಂಚೆಯ ಬದಲಿಗಲ್ಲ, ಜೊತೆಗೆ.

ಇನ್ನು ನಿಜವಾದ ಅಪಾಯ, ಆ ಮೂರು ಚೆಕ್ಕು. ‘ಖಾಲಿ ಚೆಕ್ಕಿಗೆ ಬೆಲೆಯಿಲ್ಲ’ ಎನ್ನುವುದು ದೊಡ್ಡ ಸುಳ್ಳು. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಚೆಕ್ಕಿನಲ್ಲಿ ಮೊತ್ತವನ್ನು ಬೇರೆಯವರು ತುಂಬಿದ್ದರೂ, ಅದು ಸಾಲಕ್ಕಾಗಿ ಕೊಟ್ಟದ್ದಲ್ಲ ಎಂದು ತೋರಿಸುವ ಹೊಣೆ ಸಹಿ ಮಾಡಿದವನ ಮೇಲೆಯೇ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಬ್ಯಾಂಕಿಗೆ ‘ಸ್ಟಾಪ್ ಪೇಮೆಂಟ್’ ಕೊಟ್ಟರೆ ಮುಗಿಯಿತು ಎನ್ನುವುದೂ ಪೂರ್ತಿ ನಿಜವಲ್ಲ. ಕೊಡಬೇಕಾದ ಬಾಕಿ ಉಳಿಸಿಕೊಂಡು ತಡೆಹಿಡಿದರೆ ಚೆಕ್ ಬೌನ್ಸಿನ 138ನೇ ಕಲಂ ಆಗಲೂ ತಗಲುತ್ತದೆ. ಬಾಕಿಯೇ ಇಲ್ಲದಿದ್ದರೆ ಮಾತ್ರ ನೀವು ಗಟ್ಟಿ.

ಹಾಗಾಗಿ ಕ್ರಮ ಮುಖ್ಯ. ಸೆಪ್ಟೆಂಬರಿನ 5,310 ರೂಪಾಯಿಯನ್ನು ಮೊದಲು ಬ್ಯಾಂಕಿನ ಮೂಲಕ ಕಟ್ಟಿ, ಯಾವ ತಿಂಗಳದ್ದೆಂದು ವಿವರದಲ್ಲಿ ನಮೂದಿಸಿ. ಆಮೇಲೆ ನೋಟಿಸ್ ಕಳಿಸಿ. ಅದು ತಲುಪಿದ ಮೇಲೆ ಚೆಕ್ ನಂಬರ್ ಬರೆದು ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಕೊಡಿ, ಹಾಗೆ ಕೊಟ್ಟಿರುವುದನ್ನೂ ‘ಆಯಾ ತಿಂಗಳ ಬಿಲ್ಲನ್ನು ನೇರವಾಗಿ ಪಾವತಿಸುತ್ತಿರುವುದರಿಂದ’ ಎಂಬ ಕಾರಣದೊಂದಿಗೆ ಏಜೆನ್ಸಿಗೆ ಇಮೇಲಿನಲ್ಲಿ ತಿಳಿಸಿ. ಖಾತೆಯಲ್ಲಿ ಒಂದಿಷ್ಟು ಹಣ ಇಟ್ಟಿರಿ. ‘ಹಣ ಸಾಲದು’ ಎಂಬ ಕಾರಣಕ್ಕೆ ಚೆಕ್ ವಾಪಸಾಗುವುದಕ್ಕಿಂತ ‘ಪಾವತಿ ತಡೆದಿದ್ದಾರೆ’ ಎಂದು ವಾಪಸಾಗುವುದು ನಿಮಗೆ ಮೇಲು. ಇಷ್ಟಾದರೂ ಅವರು ಚೆಕ್ ಹಾಕಿ, ವಕೀಲರಿಂದ ಬೇಡಿಕೆ ನೋಟಿಸ್ ಬಂದರೆ ಆಗ ಮಾತ್ರ ವಕೀಲರ ಹತ್ತಿರ ಓಡಿ. ಆ ನೋಟಿಸ್ ಕೈಸೇರಿದ ದಿನದಿಂದ ನಿಮಗೆ 15 ದಿನವಿದೆ. ‘ನೋಡೋಣ’ ಎಂದು ಸುಮ್ಮನಿರುವವರೇ ಸಿಕ್ಕಿಹಾಕಿಕೊಳ್ಳುವುದು. ಉತ್ತರ ಕೊಟ್ಟು ಲೆಕ್ಕ ತೋರಿಸಿದವರಲ್ಲ.

ಡೆಪಾಸಿಟ್ ಬಗ್ಗೆ ಒಂದು ಮಾತು. ಮನೆ ಬಾಡಿಗೆಯಲ್ಲಿ ಮಾಡುವಂತೆ ‘ಕೊನೆಯ ಎರಡು ತಿಂಗಳದ್ದನ್ನು ಡೆಪಾಸಿಟ್‌ನಲ್ಲೇ ಹಿಡ್ಕೊಳ್ಳಿ’ ಎನ್ನಬೇಡಿ. ನಿಮ್ಮ ಕರಾರು ಅದಕ್ಕೆ ಅವಕಾಶ ಕೊಟ್ಟಿಲ್ಲ. ಆ ಮಾತು ಆಡಿದ ಕ್ಷಣ ನೀವು ಬಾಕಿದಾರ, ಅವರ ಕೈಯಲ್ಲಿರುವ ಚೆಕ್ಕಿಗೆ ಜೀವ ಬರುತ್ತದೆ. 31ರ ನಂತರ 15 ದಿನದಲ್ಲಿ ಡೆಪಾಸಿಟ್ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ‘ವ್ಯಾಪಾರಿ ಗ್ರಾಹಕನಲ್ಲ’ ಎಂದು ಅವರು ಆಕ್ಷೇಪ ಎತ್ತುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಬಳಸುವವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೊರಗಿಟ್ಟಿಲ್ಲ. ನೀವೊಬ್ಬರೇ ನಿಂತು ನಡೆಸುವ ಅಂಗಡಿ ಅದರೊಳಗೆ ಬರುತ್ತದೆ ಎನ್ನುವ ವಾದಕ್ಕೆ ಬಲವಿದೆ, ನಾಲ್ಕಾರು ಕೆಲಸದವರಿದ್ದರೆ ಬಲ ಕಡಿಮೆ.

ನೀವು ಜಿಎಸ್‌ಟಿ ರೆಗ್ಯುಲರ್ ಸ್ಕೀಮಿನಲ್ಲಿದ್ದರೆ ನವೆಂಬರಿನ ಬಿಲ್ಲು ಅವರು ಹಾಕಿದರೂ ಅದರ ಇನ್‌ಪುಟ್ ತೆಗೆದುಕೊಳ್ಳಬೇಡಿ, ಪೋರ್ಟಲಿನಲ್ಲಿ ಅದನ್ನು ತಿರಸ್ಕರಿಸಿ ಕ್ರೆಡಿಟ್ ನೋಟ್ ಕೇಳಿ. ಇನ್‌ಪುಟ್ ತೆಗೆದುಕೊಂಡರೆ ಸೇವೆ ಪಡೆದದ್ದಾಗಿ ನೀವೇ ಒಪ್ಪಿಕೊಂಡ ಹಾಗೆ.

ಮಿಷನ್ ಕೊಡುವ ದಿನಕ್ಕೆ ಬರೋಣ. ಅಕ್ಟೋಬರ್ 31 ಎಂದು ಒತ್ತಿ ಹೇಳಲು ಕಾರಣ, ಮರುದಿನ ರಾಜ್ಯೋತ್ಸವ, ಅದರ ಮರುದಿನ ಭಾನುವಾರ. ಜಾರಿದರೆ 3ನೇ ತಾರೀಖಿಗೆ ಹೋಗುತ್ತದೆ. ಅವರ ಪ್ರತಿನಿಧಿ ಬಂದಾಗ ಮೀಟರ್ ಪುಟದ ಪ್ರಿಂಟ್ ಎರಡು ತೆಗೆದು ಇಬ್ಬರೂ ಸಹಿ ಹಾಕಿ, ಒಂದು ನಿಮಗೆ. ಮಿಷನ್ನಿನ ನಾಲ್ಕೂ ಬದಿ, ಡ್ರಮ್ ಇರುವ ಭಾಗ, ಗಾಜು, ಟ್ರೇಗಳನ್ನು ಫೋಟೊ ತೆಗೆಯಿರಿ. ‘ಡ್ರಮ್ ಗೀರಾಗಿದೆ’ ಎಂದು ಡೆಪಾಸಿಟ್ ಮುರಿಯುವುದು ಈ ಧಂಧೆಯಲ್ಲಿ ಮಾಮೂಲು. ಅವತ್ತು ತೆಗೆದ ಶುಭ್ರವಾದ ಒಂದು ಕಾಪಿಯನ್ನು ತಾರೀಖು ಹಾಕಿ ಇಟ್ಟುಕೊಂಡರೆ ಅದೇ ಸಾಕ್ಷಿ. ಬಳಸದೆ ಉಳಿದ ಟೋನರನ್ನೂ ರಸೀದಿಯಲ್ಲಿ ಎಣಿಸಿ ಬರೆಸಿ.

ಯಾರೂ ಯೋಚಿಸದ ಇನ್ನೊಂದು ಸಂಗತಿ ಮಿಷನ್ನಿನ ಒಳಗಿದೆ. ಈಗಿನ ಎಷ್ಟೋ ದೊಡ್ಡ ಜೆರಾಕ್ಸ್ ಮಿಷನ್ನುಗಳಲ್ಲಿ ಹಾರ್ಡ್ ಡಿಸ್ಕ್ ಇರುತ್ತದೆ. ಕಾಲೇಜಿನ ಹುಡುಗರು ಸ್ಕ್ಯಾನ್ ಮಾಡಿಸಿದ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕುಗಳು ಅದರಲ್ಲಿ ಉಳಿದಿರಬಹುದು. ಸ್ಕ್ಯಾನ್ ನೇರವಾಗಿ ಮೇಲ್ ಆಗಲೆಂದು ನಿಮ್ಮ ಇಮೇಲಿನ ಪಾಸ್‌ವರ್ಡನ್ನೂ ಅದರಲ್ಲಿ ಹಾಕಿರಬಹುದು. ಇಂಜಿನಿಯರ್ ಎದುರಿನಲ್ಲೇ ಮೆಮೊರಿ ಅಳಿಸಿ ತೋರಿಸಲು ಹೇಳಿ, ಇಮೇಲ್ ಪಾಸ್‌ವರ್ಡ್ ಅವತ್ತೇ ಬದಲಿಸಿ. ಮೀಟರ್ ಪ್ರಿಂಟ್ ತೆಗೆಯುವುದು ಮೊದಲು, ಅಳಿಸುವುದು ಆಮೇಲೆ.

31ಕ್ಕೆ ಅವರು ಬರಲೇ ಇಲ್ಲವೆಂದುಕೊಳ್ಳಿ. ಸಂಜೆ ಮೀಟರಿನ ಫೋಟೊ ತೆಗೆದು ಇಮೇಲಿಗೆ ಕಳಿಸಿ, ‘ಮಿಷನ್ ಆಫ್ ಮಾಡಿದ್ದೇನೆ, ಯಾವ ದಿನವಾದರೂ ಒಯ್ಯಬಹುದು’ ಎಂದು ಬರೆಯಿರಿ. ಪ್ಲಗ್ ಕಿತ್ತು ಬಟ್ಟೆ ಮುಚ್ಚಿಡಿ. ಗುರುತಿನವರೊಬ್ಬರು ಬಂದು ‘ಒಂದೇ ಕಾಪಿ, ಅಣ್ಣ’ ಎಂದರೂ ಇಲ್ಲವೆನ್ನಿ. ಫೋಟೊದಲ್ಲಿ 4,18,236 ಎಂದಿದ್ದರೆ ಮಿಷನ್ ಗಾಡಿ ಹತ್ತುವ ದಿನವೂ ಅದೇ ಅಂಕಿ ಇರಬೇಕು. ಒಂದು ಹೆಚ್ಚಿದ್ದರೂ ನವೆಂಬರಿನ ಬಿಲ್ಲಿಗೆ ಅವರಿಗೊಂದು ಆಧಾರ ಸಿಕ್ಕಂತೆ.